ಡ್ಯುಯೆಟ್ ಹಾಡಿನ ಮಧ್ಯೆ ಶ್ರುತಿ ಬದಲಾವಣೆ: ಎರಡು ಮನೆಯಿಂದ ಆರಕ್ಕೋ, ಆರೂವರೆಗೋ?

ತುಮಕೂರು ಕೀಸ್

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಾ ಗೇಟ್ ಕಡೆಯ ಒಂದು ಚಿಕ್ಕ ಆರ್ಕೆಸ್ಟ್ರಾ. ಮದುವೆ ರಿಸೆಪ್ಷನ್, ಗಣೇಶನ ಪೆಂಡಾಲು, ರಾಜ್ಯೋತ್ಸವ, ಹೀಗೆ. ಕೀಬೋರ್ಡ್ ನಾನು ನುಡಿಸುತ್ತೇನೆ. ನಾವೇ ಟ್ಯೂನ್ ಹಾಕಿದ ಒಂದು ಡ್ಯುಯೆಟ್ ಇದೆ, ಅದರಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಹಾಡು ಮೇಜರ್ ಸ್ಕೇಲ್‌ನಲ್ಲಿದೆ. ಕೆಳಗಿನ ಸದಿಂದ ಮೇಲಿನ ಸ್ಥಾಯಿಯ ಗ ತನಕ ಹೋಗುತ್ತದೆ. ಗಂಡು ಗಾಯಕರಿಗೆ ಡಿ, ಅಂದರೆ ಎರಡು ಮನೆ, ಹೇಳಿ ಮಾಡಿಸಿದ ಹಾಗಿದೆ. ಚರಣ ಹಾಡುವ ಹುಡುಗಿಗೆ ಡಿ ಆಗುವುದೇ ಇಲ್ಲ. ಅವರ ಸ್ಥಾಯಿಯಲ್ಲೇ ಹಾಡಿದರೆ ಕೆಳಗೆ ದನಿಯೇ ಬರಲ್ಲ, ಒಂದು ಸ್ಥಾಯಿ ಮೇಲೆ ಹಾಡಿದರೆ ಆ ಮೇಲಿನ ಗಕ್ಕೆ ಚೀರಬೇಕು. ಅವಳಿಗೆ ಕೆಳಗೆ ಎ ತನಕ ಗಟ್ಟಿ ದನಿ ಇದೆ, ಮೇಲೆ ಡಿ ತನಕ ಸಲೀಸು. ಲೆಕ್ಕ ಹಾಕಿದರೆ ಎ, ಅಂದರೆ ಆರು ಮನೆ, ಅಥವಾ ಬಿ ಫ್ಲ್ಯಾಟ್, ಅಂದರೆ ಆರೂವರೆ, ಎರಡೇ ಉಳಿಯುತ್ತವೆ. ಅವಳು ಆರೂವರೆ ಮನೆ ಇರಲಿ, ದನಿ ಇನ್ನೂ ಹೊಳೆಯುತ್ತೆ ಅಂತಾಳೆ.

ಪಲ್ಲವಿ ಡಿಯಲ್ಲಿ ಮುಗಿದು, ನಡುವಿನ ಮ್ಯೂಸಿಕ್‌ನಲ್ಲಿ ಹೊಸ ಕೀಗೆ ಹೋಗಿ, ಚರಣ ಮುಗಿದ ಮೇಲೆ ಮತ್ತೆ ಡಿಗೆ ಬರಬೇಕು. ಸರ್ಕಲ್ ಆಫ್ ಫಿಫ್ತ್ಸ್ ನೋಡಿ ಆರಿಸಬೇಕು ಅಂತ ಒಬ್ಬರು ಹೇಳಿದರು. ಚಿತ್ರ ಮೊಬೈಲ್‌ನಲ್ಲಿದೆ. ಅದನ್ನು ಇಟ್ಟುಕೊಂಡು ಏನು ಮಾಡಬೇಕು ಅನ್ನೋದು ಗೊತ್ತಾಗ್ತಿಲ್ಲ.

ಚಿಂತಾಮಣಿ ಗಿಟಾರ್

ಬ್ರದರ್, ಇದಕ್ಕೆ ಇಷ್ಟು ತಲೆ ಯಾಕೆ? ಎ ನುಡಿಸುವ ಗಿಟಾರಿಗೆ ಒಂದನೇ ಫ್ರೆಟ್‌ನಲ್ಲಿ ಕೇಪೋ ಹಾಕಿದರೆ ಬಿ ಫ್ಲ್ಯಾಟ್. ಅದೇ ಬೆರಳು, ಅದೇ ಕಾರ್ಡ್. ಎ ಮತ್ತು ಬಿ ಫ್ಲ್ಯಾಟ್ ಪಕ್ಕಪಕ್ಕದಲ್ಲೇ ಇವೆ, ಅರ್ಧ ಮನೆಯ ವ್ಯತ್ಯಾಸ. ನಿಮ್ಮ ಕೀಬೋರ್ಡಲ್ಲಿ ಟ್ರಾನ್ಸ್‌ಪೋಸ್ ಬಟನ್ ಇದ್ದೇ ಇರುತ್ತೆ. ಹುಡುಗಿಗೆ ಯಾವುದು ಇಷ್ಟವೋ ಅದನ್ನೇ ಕೊಟ್ಟುಬಿಡಿ.

ಗುಬ್ಬಿ ಪೆಟ್ಟಿಗೆ ಮೇಷ್ಟ್ರು

ನಾನು ಹಳ್ಳಿ ಕಡೆ ಪೌರಾಣಿಕ ನಾಟಕಗಳಿಗೆ ಹಾರ್ಮೋನಿಯಂ ನುಡಿಸುವವನು. ನಮ್ಮಲ್ಲಿ ಕೃಷ್ಣನ ಪಾತ್ರದವರು ಎರಡೂವರೆ ಮನೆ, ದುರ್ಯೋಧನನ ಪಾತ್ರದವರು ಒಂದು ಮನೆ, ದ್ರೌಪದಿಗೆ ಬಂದವರು ಐದೂವರೆ ಅಂತಾರೆ. ಯಾರು ಬಂದರೂ ಅವರ ಶ್ರುತಿಗೆ ಹೋಗಲೇಬೇಕು. ಯಾವ ಸರ್ಕಲ್ಲೂ ನೋಡಿದವನಲ್ಲ. ಕಂದ ಶುರುವಾಗುವ ಮುಂಚೆ ಹೊಸ ಸ ಒತ್ತಿ ಹಿಡೀತೀನಿ, ಪಾತ್ರಧಾರಿ ಅದನ್ನ ಕಿವಿಗೆ ಹಾಕಿಕೊಂಡು ಎತ್ತಿಕೊಳ್ತಾನೆ. ರಾತ್ರಿಯಿಡೀ ಹೀಗೇ ನಡೆಯುತ್ತೆ. ನಿಮ್ಮ ತೊಂದರೆ ಏನು ಅನ್ನೋದೇ ನನಗೆ ಅರ್ಥವಾಗಲಿಲ್ಲ.

ಕೆಜಿಎಫ್ ಬೇಸ್

ಮೇಷ್ಟ್ರೇ, ನಿಮ್ಮ ನಾಟಕದಲ್ಲಿ ಎರಡು ಹಾಡಿನ ಮಧ್ಯೆ ಮಾತು ಇರುತ್ತೆ. ಇವರದ್ದು ತಾಳ ನಿಲ್ಲದೆ ಬದಲಾಗಬೇಕು. ಅದು ಬೇರೆ.

ನಾನು ಚರ್ಚ್‌ನಲ್ಲಿ ಬೇಸ್ ನುಡಿಸ್ತೀನಿ. ಸರ್ಕಲ್‌ನಲ್ಲಿ ಡಿ ಹುಡುಕಿ. ಬಲಕ್ಕೆ ಎ, ಎಡಕ್ಕೆ ಜಿ. ಅವೆರಡು ನೆಂಟರು. ಬಿ ಫ್ಲ್ಯಾಟ್ ಎಲ್ಲಿದೆ ನೋಡಿ: ಡಿ, ಜಿ, ಸಿ, ಎಫ್, ಬಿ ಫ್ಲ್ಯಾಟ್. ನಾಲ್ಕು ಹೆಜ್ಜೆ ದೂರ. ಹಾಗಾಗಿ ಎ ತಗೊಳ್ಳಿ. ಪಕ್ಕದ ಕೀಗೆ ಮಾತ್ರ ಹೋಗಬೇಕು, ದೂರದ್ದು ಯಾವತ್ತೂ ಕಿವಿಗೆ ಹಿಡಿಸಲ್ಲ. ಇಷ್ಟೇ ರೂಲು.

ಅಂತರಗಂಗೆ

ಎ ಅನ್ನುವ ಉತ್ತರ ಸರಿ. ಅದಕ್ಕೆ ಕೊಟ್ಟ ರೂಲು ಅಷ್ಟು ಸರಿಯಿಲ್ಲ, ಆಮೇಲೆ ಹೇಳ್ತೀನಿ. ಮೊದಲು ಕೀಸ್ ಅವರ ಪ್ರಶ್ನೆ.

ಆ ಚಿತ್ರವನ್ನು ನೋಡಿ ಬಾಯಿಪಾಠ ಮಾಡೋದು ಬೇಡ. ಸ ಹಿಡಿಯಿರಿ, ಅದರ ಪ ನುಡಿಸಿ, ಆ ಪವನ್ನೇ ಹೊಸ ಸ ಮಾಡಿಕೊಳ್ಳಿ. ಅದರ ಪ, ಮತ್ತೆ ಅದರ ಪ. ಸಿ, ಜಿ, ಡಿ, ಎ, ಇ, ಬಿ ಅಂತ ಹೋಗಿ ಹನ್ನೆರಡನೇ ಸಲಕ್ಕೆ ಮತ್ತೆ ಸಿಗೆ ಬರುತ್ತೀರಿ. ಚಿತ್ರದಲ್ಲಿ ಇರೋದು ಇಷ್ಟೇ.

ಉಪಯೋಗ ಎಲ್ಲಿದೆ ಅಂದರೆ, ಒಂದು ಹೆಜ್ಜೆ ಹೋದಾಗ ಸ್ಕೇಲ್‌ನ ಏಳು ಸ್ವರಗಳಲ್ಲಿ ಒಂದು ಮಾತ್ರ ಬದಲಾಗುತ್ತದೆ. ಡಿಯಲ್ಲಿ ಡಿ, ಇ, ಎಫ್ ಶಾರ್ಪ್, ಜಿ, ಎ, ಬಿ, ಸಿ ಶಾರ್ಪ್ ಇವೆ. ಎಗೆ ಹೋದರೆ ಜಿ ಒಂದೇ ಜಿ ಶಾರ್ಪ್ ಆಗುತ್ತದೆ, ಉಳಿದ ಆರೂ ಹಾಗೇ ಇರುತ್ತವೆ. ಎರಡು ಹೆಜ್ಜೆಗೆ ಎರಡು ಬದಲು, ಮೂರಕ್ಕೆ ಮೂರು. ಬಿ ಫ್ಲ್ಯಾಟ್ ನಾಲ್ಕು ಹೆಜ್ಜೆ, ಹಾಗಾಗಿ ಡಿ, ಜಿ, ಎ ಈ ಮೂರೇ ಹಳೆಯವು ಉಳಿಯುತ್ತವೆ. ಕೇಳುವವರ ಕಿವಿ ಪಲ್ಲವಿ ಪೂರ್ತಿ ಡಿ ಸ್ಕೇಲ್‌ನಲ್ಲಿ ಕೂತಿರುತ್ತದೆ. ಒಂದು ಸ್ವರ ಬದಲಾದರೆ ತಾನೂ ಜೊತೆಗೆ ಬರುತ್ತದೆ. ನಾಲ್ಕು ಒಟ್ಟಿಗೆ ಬದಲಾದರೆ ಬೇರೆ ಹಾಡೇ ಶುರುವಾಯ್ತೇನೋ ಅನ್ನಿಸುತ್ತದೆ.

ನಿಮ್ಮ ಅದೃಷ್ಟ ಏನಂದ್ರೆ, ಆ ಹುಡುಗಿಯ ದನಿಗೆ ಹೊಂದುವ ಎರಡರಲ್ಲಿ ಒಂದು ಪಕ್ಕದ ಕೀಯೇ ಆಗಿದೆ. ಇದು ಪೂರ್ತಿ ಅದೃಷ್ಟವೂ ಅಲ್ಲ. ಕಚೇರಿಗಳಲ್ಲಿ ಗಂಡಸರು ಒಂದು, ಒಂದೂವರೆ, ಎರಡು ಮನೆಯಲ್ಲಿ ಹಾಡ್ತಾರೆ, ಹೆಂಗಸರು ಐದು, ಐದೂವರೆ, ಆರು. ನಡುವಿನ ಅಂತರ ಸುಮಾರು ಒಂದು ಪಂಚಮವೇ. ಡ್ಯುಯೆಟ್‌ಗೆ ಪಕ್ಕದ ಕೀ ಕೆಲಸಕ್ಕೆ ಬರುವುದು ಅದಕ್ಕೇ. ಎಡಗಡೆಯ ಜಿ ಕೂಡ ನೋಡಬಹುದಿತ್ತು, ಆದರೆ ಜಿಯಲ್ಲಿ ಕೆಳಗಿನ ಸ ಅವಳಿಗೆ ಗಾಳಿ ದನಿ ಆಗುತ್ತದೆ. ನೀವೇ ಎ ತನಕ ಅಂದಿರಲ್ಲ.

ಈಗ ಹೋಗುವ ದಾರಿ. ಇಲ್ಲಿ ತುಂಬಾ ಜನ ಎಡವುತ್ತಾರೆ. ಡಿಯಿಂದ ಎ ಅಂದಕೂಡಲೇ ಎ ಮೇಜರ್ ಕಾರ್ಡ್ ಒತ್ತಿ ನಿಲ್ಲುತ್ತಾರೆ. ಆದರೆ ಎ ಕಾರ್ಡ್ ಡಿಯ ಮನೆಯದ್ದೇ. ಪಲ್ಲವಿಯಲ್ಲಿ ಅದು ಆಗಲೇ ಬಂದುಹೋಗಿದೆ, ಬಂದಾಗೆಲ್ಲ ಡಿಗೆ ವಾಪಸ್ ಕರೆದುಕೊಂಡು ಹೋಗಿದೆ. ಕಿವಿ ಈಗಲೂ ಅದನ್ನೇ ಕಾಯುತ್ತದೆ. ಎ ಹೊಸ ಸ ಆಗಿದೆ ಅಂತ ತಿಳಿಯಬೇಕಾದರೆ ಆ ಬದಲಾದ ಒಂದು ಸ್ವರ, ಜಿ ಶಾರ್ಪ್, ಕೇಳಿಸಲೇಬೇಕು. ಅದು ಇ ಮೇಜರ್ ಕಾರ್ಡ್‌ನಲ್ಲಿದೆ.

ನಡುವಿನ ಮ್ಯೂಸಿಕ್‌ನ ಕೊನೆಯ ನಾಲ್ಕು ಬಾರ್ ಹೀಗೆ ಹಾಕಿ ನೋಡಿ, ಒಂದೊಂದಕ್ಕೆ ಒಂದು ಬಾರ್:

ಡಿ – ಬಿ ಮೈನರ್ – ಇ ಸೆವೆನ್ – ಎ

ಬಿ ಮೈನರ್ ಎರಡೂ ಕೀಗೆ ಸೇರಿದ ಕಾರ್ಡ್. ಡಿಯಿಂದ ಕೇಳಿಕೊಂಡು ಬಂದವರಿಗೆ ಅದು ಹಳೆಯದೇ. ಅಲ್ಲಿಂದ ಇ ಸೆವೆನ್ ಬಂದಾಗ ದಾರಿ ತಿರುಗುತ್ತದೆ. ಇ ಸೆವೆನ್ ಒಳಗೆ ಹಳೆಯ ಸ ಆದ ಡಿ ಕೂಡ ಇದೆ, ಅದು ಎ ಕಾರ್ಡ್‌ನ ಸಿ ಶಾರ್ಪ್‌ಗೆ ಅರ್ಧ ಮನೆ ಇಳಿಯುತ್ತದೆ. ಜಿ ಶಾರ್ಪ್ ಎಗೆ ಅರ್ಧ ಮನೆ ಏರುತ್ತದೆ. ಈ ಎರಡು ಚಲನೆ ಕಿವಿಗೆ ಬಿದ್ದರೆ ಸಾಕು, ಯಾರಿಗೂ ಹೇಳಿಕೊಡಬೇಕಿಲ್ಲ.

ವಾಪಸ್ ಬರೋದು ಇದಕ್ಕಿಂತ ಸುಲಭ. ಎ ಕಾರ್ಡ್‌ಗೆ ಹಳೆಯ ಜಿ ಸೇರಿಸಿ ಎ ಸೆವೆನ್ ಮಾಡಿ, ಡಿಗೆ ಇಳಿಯಿರಿ. ಒಂದೇ ಕಾರ್ಡ್ ಸಾಕು. ಬಲಕ್ಕೆ ಹೋಗುವಾಗ ಕೆಲಸ ಇದೆ, ಎಡಕ್ಕೆ ಬರುವಾಗ ತಾನಾಗೇ ಜಾರುತ್ತದೆ.

ಚಿಂತಾಮಣಿ ಗಿಟಾರ್

ಅಣ್ಣ, ಎಲ್ಲ ಸರಿ. ಆದರೆ ಎ ಮತ್ತು ಬಿ ಫ್ಲ್ಯಾಟ್‌ಗೆ ಅರ್ಧ ಮನೆ ವ್ಯತ್ಯಾಸ ಅಲ್ವಾ? ಎ ಪಕ್ಕದ್ದು, ಬಿ ಫ್ಲ್ಯಾಟ್ ದೂರದ್ದು ಅಂದ್ರೆ ಹೇಗೆ? ಕೇಪೋ ಹಾಕಿದರೆ ನನ್ನ ಕೈಗೆ ಎರಡೂ ಒಂದೇ.

ಅಂತರಗಂಗೆ

ಕೈಗೆ ಒಂದೇ. ಕಿವಿಗೆ ಅಲ್ಲ. ಫ್ರೆಟ್ ಬೋರ್ಡ್ ಮೇಲೆ ಪಕ್ಕದಲ್ಲಿರೋದು ಸರ್ಕಲ್‌ನಲ್ಲಿ ತುಂಬಾ ದೂರ ಇರುತ್ತದೆ. ಸಿ ಮತ್ತು ಅದರ ಪಕ್ಕದ ಕರಿ ಮನೆ ಡಿ ಫ್ಲ್ಯಾಟ್ ತಗೊಳ್ಳಿ, ಸರ್ಕಲ್‌ನಲ್ಲಿ ಐದು ಹೆಜ್ಜೆ. ಎರಡೂ ಸ್ಕೇಲ್‌ಗೆ ಸಮಾನ ಅಂದರೆ ಸಿ ಮತ್ತು ಎಫ್, ಎರಡೇ ಸ್ವರ.

ಒಂದು ಕೆಲಸ ಮಾಡಿ. ಕೇಪೋ ಇಲ್ಲದೆ ಡಿ ಸ್ಕೇಲ್ ನುಡಿಸಿ. ನಿಲ್ಲಿಸದೆ ಎ ಸ್ಕೇಲ್ ನುಡಿಸಿ. ಆಮೇಲೆ ಮತ್ತೆ ಡಿ ನುಡಿಸಿ, ನಿಲ್ಲಿಸದೆ ಬಿ ಫ್ಲ್ಯಾಟ್ ಸ್ಕೇಲ್ ನುಡಿಸಿ. ಹೇಳಬೇಕಾದ್ದನ್ನ ಗಿಟಾರೇ ಹೇಳುತ್ತೆ. ಇನ್ನೊಂದು, ಹಾಡಿನ ಮಧ್ಯೆ ಕೇಪೋ ಹಾಕೋಕೆ ನಿಮಗೆ ಯಾರು ಟೈಮ್ ಕೊಡ್ತಾರೆ?

ಚಿಂತಾಮಣಿ ಗಿಟಾರ್

ಎರಡು ಗಿಟಾರ್ ಇಟ್ಕೊಂಡಿದ್ದೀನಿ 😀 ನುಡಿಸಿ ನೋಡಿದೆ. ಬಿ ಫ್ಲ್ಯಾಟ್‌ಗೆ ಹೋದಾಗ ಒಂಥರಾ ಜಂಪ್ ಆಗುತ್ತೆ, ಒಪ್ಪಿದೆ. ಆದರೆ ನನಗೆ ಆ ಜಂಪೇ ಚೆನ್ನಾಗಿದೆ ಅನ್ನಿಸ್ತು.

ಮಧುಗಿರಿ ವೀಣೆ

ಇಲ್ಲಿ ಒಂದು ಸಂದೇಹ. ಡಿಯ ಶಂಕರಾಭರಣದಲ್ಲಿ ಪವನ್ನು ಸ ಮಾಡಿಕೊಂಡು ಹಾಡೋದು ಅಂದರೆ ಗ್ರಹಭೇದ ತಾನೇ? ನಮ್ಮ ಮಕ್ಕಳಿಗೆ ಇದನ್ನ ಹೇಳಿಕೊಡುತ್ತೇನೆ. ಅದರಲ್ಲಿ ಯಾವ ಸ್ವರವನ್ನೂ ಬದಲಾಯಿಸುವ ಹಾಗಿಲ್ಲ. ನೀವು ಜಿಯನ್ನು ಜಿ ಶಾರ್ಪ್ ಮಾಡಬೇಕು ಅಂತೀರಿ. ಯಾಕೆ?

ಅಂತರಗಂಗೆ

ಮೇಡಂ, ಒಳ್ಳೆ ಪ್ರಶ್ನೆ. ಗ್ರಹಭೇದದಲ್ಲಿ ಸ್ವರಗಳು ಹಾಗೇ ಇದ್ದು ರಾಗ ಬದಲಾಗುತ್ತದೆ. ಶಂಕರಾಭರಣದ ಪದಿಂದ ಶುರು ಮಾಡಿದರೆ ಹರಿಕಾಂಭೋಜಿ ಬರುತ್ತದೆ. ಅಂದರೆ ಎಯಿಂದ ಹೊರಟು ಹಳೆಯ ಜಿ ಇಟ್ಟುಕೊಂಡರೆ ಆ ಜಿ ಕೈಶಿಕಿ ನಿಷಾದ ಆಗುತ್ತದೆ.

ಕೀಸ್ ಅವರಿಗೆ ಬೇಕಿರೋದು ಉಲ್ಟಾ. ರಾಗ ಅದೇ ಇರಬೇಕು, ಶ್ರುತಿ ಬದಲಾಗಬೇಕು. ಹುಡುಗಿಯೂ ಶಂಕರಾಭರಣದಲ್ಲೇ ಹಾಡಬೇಕು, ಅವಳಿಗೆ ಕಾಕಲಿ ನಿಷಾದ ಬೇಕು. ಎಗೆ ಕಾಕಲಿ ನಿಷಾದ ಅಂದರೆ ಜಿ ಶಾರ್ಪ್. ನೀವು ಮಕ್ಕಳಿಗೆ ಹೇಳಿಕೊಡೋ ಆ ಗ್ರಹಭೇದದಿಂದಲೇ ಯಾವ ಸ್ವರ ತಪ್ಪು ಬೀಳುತ್ತದೆ ಅನ್ನೋದು ಹೊಳೆಯುತ್ತದೆ. ಪದಿಂದ ಹೊರಟಾಗ ಹರಿಕಾಂಭೋಜಿಯ ನಿ. ಮದಿಂದ ಹೊರಟಾಗ ಕಲ್ಯಾಣಿಯ ಮ. ಎರಡು ಕಡೆಯೂ ಒಂದೇ ಸ್ವರ ಆ ಕಡೆ ಈ ಕಡೆ ಆಗೋದು.

ಮಧುಗಿರಿ ವೀಣೆ

ಹಾಗಾದರೆ ನಾವು ಮಧ್ಯಮ ಶ್ರುತಿ ಇಟ್ಟುಕೊಳ್ಳೋದು ನಿಮ್ಮ ಸರ್ಕಲ್‌ನ ಎಡಗಡೆಯ ಹೆಜ್ಜೆ ಆಯಿತಲ್ಲ? ಪುನ್ನಾಗವರಾಳಿ, ನವರೋಜು, ಕುರಂಜಿ ಇವಕ್ಕೆ ತಂಬೂರಿಯ ಪ ತಂತಿಯನ್ನು ಮಕ್ಕೆ ಇಳಿಸಿ, ಆ ಮವನ್ನೇ ಸ ಅಂತ ಹಾಡುತ್ತೇವೆ. ಆಗ ಹಳೆಯ ಸ ತಾನೇ ಪ ಆಗಿ ಕೂರುತ್ತದೆ. ಒಂದೇ ತಂತಿ ತಿರುಗಿಸಿದರೆ ಸಾಕು.

ಅಂತರಗಂಗೆ

ಅಷ್ಟೇ ಮೇಡಂ. ಇದನ್ನ ನಾನು ಇಷ್ಟು ಚೆನ್ನಾಗಿ ಹೇಳ್ತಿರಲಿಲ್ಲ.

ಗೌರಿಬಿದನೂರು ಅಪ್ಪ

ಸರ್, ನಡುವೆ ಬಾಯಿ ಹಾಕ್ತಿದ್ದೀನಿ. ನನ್ನ ಮಗಳು ಸ್ಕೂಲ್ ಡೇಗೆ ಒಂದು ಭಾವಗೀತೆ ಹಾಡ್ತಾಳೆ. ಕರೋಕೆ ಎಫ್‌ನಲ್ಲಿದೆ. ಮೇಲಿನ ಸಿ ಬಂದಾಗ ಗಂಟಲು ಹಿಡಿಯುತ್ತೆ. ಎ ತನಕ ಆರಾಮಾಗಿ ಹಾಡ್ತಾಳೆ. ಸರ್ಕಲ್ ಪ್ರಕಾರ ಎಫ್ ಪಕ್ಕದಲ್ಲಿ ಸಿ ಮತ್ತು ಬಿ ಫ್ಲ್ಯಾಟ್ ಇವೆ. ಯಾವುದಕ್ಕೆ ಇಳಿಸಲಿ?

ಅಂತರಗಂಗೆ

ಎರಡಕ್ಕೂ ಬೇಡ ಸರ್. ನಿಮ್ಮ ಕೆಲಸಕ್ಕೆ ಸರ್ಕಲ್ ಬೇಕೇ ಇಲ್ಲ. ಇಡೀ ಹಾಡು ಒಂದೇ ಕೀಯಲ್ಲಿ ನಡೆಯುತ್ತೆ, ಕೇಳೋರು ಮುಂಚೆ ಎಫ್ ಕೇಳಿರೋದಿಲ್ಲ. ಯಾವುದಕ್ಕೆ ಹತ್ತಿರ, ಯಾವುದಕ್ಕೆ ದೂರ ಅನ್ನೋ ಪ್ರಶ್ನೆಯೇ ಇಲ್ಲಿ ಬರಲ್ಲ.

ಗಂಟಲು ಹಿಡಿಯೋದು ಸಿ, ಆರಾಮ ಎ ತನಕ. ಸಿಯಿಂದ ಎಗೆ ಕೀಬೋರ್ಡ್ ಮೇಲೆ ಬಿಳಿ, ಕರಿ ಎಲ್ಲ ಸೇರಿಸಿ ಮೂರು ಮನೆ ಇಳಿಯಬೇಕು. ಹಾಡನ್ನೂ ಅಷ್ಟೇ ಇಳಿಸಿ, ಎಫ್ ಹೋಗಿ ಡಿ ಆಗುತ್ತೆ. ಕರೋಕೆ ಆ್ಯಪ್‌ನಲ್ಲಿ ಕೀ ಮೈನಸ್ ಮೂರು. ಆಮೇಲೆ ಹಾಡಿನ ಅತಿ ಕೆಳಗಿನ ಸ್ವರವನ್ನ ಒಮ್ಮೆ ಹಾಡಿಸಿ ನೋಡಿ. ಮೇಲೆ ಸರಿಯಾಗಿ ಕೆಳಗೆ ದನಿ ಮುಳುಗಿದರೆ ಮೈನಸ್ ಎರಡಕ್ಕೆ ರಾಜಿ ಮಾಡ್ಕೊಳ್ಳಿ.

ಗೌರಿಬಿದನೂರು ಅಪ್ಪ

ಧನ್ಯವಾದ ಸರ್. ಮೈನಸ್ ಮೂರಕ್ಕೆ ಸರಿ ಹೋಯ್ತು. ಟ್ರ್ಯಾಕ್‌ನಲ್ಲಿ ಕೊಳಲಿನ ಸೌಂಡ್ ಮಾತ್ರ ಸ್ವಲ್ಪ ಮಂಕಾಗಿದೆ, ಪರವಾಗಿಲ್ಲ.

ತುಮಕೂರು ಕೀಸ್

ನಿನ್ನೆ ಪ್ರಾಕ್ಟೀಸ್ ಆಯ್ತು. ಡಿ, ಬಿ ಮೈನರ್, ಇ ಸೆವೆನ್, ಎ ಹಾಕಿದೆವು. ನಾನೊಬ್ಬನೇ ಕೀಬೋರ್ಡಲ್ಲಿ ನುಡಿಸಿದಾಗ ತುಂಬಾ ಚೆನ್ನಾಗಿ ಕೂತಿತು. ಎಲ್ಲರೂ ಸೇರಿದಾಗ ಎರಡು ತೊಂದರೆ.

ಒಂದು, ಮೂರನೇ ಬಾರ್‌ನಲ್ಲಿ ಏನೋ ಗೊರಗೊರ ಅನ್ನುತ್ತೆ. ಇನ್ನೊಂದು, ಹುಡುಗಿ ಚರಣದ ಮೊದಲ ಸ್ವರ ಸರಿಯಾಗೇ ಹಿಡೀತಾಳೆ, ಆದರೆ ಎರಡನೇ ಸ್ವರದಿಂದ ಡಿ ಕಡೆ ಎಳೀತಾಳೆ. ಮೂರ್ನಾಲ್ಕು ಸ್ವರ ಹಾಡಿ ತಾನೇ ನಿಲ್ಲಿಸಿ 'ಎಲ್ಲಿದ್ದೀನಿ ಗೊತ್ತಾಗ್ತಿಲ್ಲ' ಅಂತಾಳೆ. ಚರಣ ಗದಿಂದ ಶುರುವಾಗುತ್ತೆ.

ಕೆಜಿಎಫ್ ಬೇಸ್

ಮೊದಲನೇದು ಬೇಸ್‌ನವರ ಕೆಲಸ ಇರಬೇಕು. ಡಿಯಲ್ಲಿ ನುಡಿಸಿ ನುಡಿಸಿ ಕೈ ಜಿಗೆ ಹೋಗುತ್ತೆ. ಇ ಕಾರ್ಡ್ ಮೇಲೆ ಇಯಿಂದ ಎಗೆ ಹತ್ತುವಾಗ ಎಫ್ ಶಾರ್ಪ್, ಜಿ, ಎ ಅಂತ ನುಡಿಸಿರ್ತಾರೆ. ಆ ಜಿ ನಿಮ್ಮ ಜಿ ಶಾರ್ಪ್‌ಗೆ ಹೊಡೆಯುತ್ತೆ. ಅದೊಂದು ಬಾರ್‌ನಲ್ಲಿ ಇ ಬಿಟ್ಟು ಎಲ್ಲೂ ಹೋಗಬೇಡಿ ಅಂತ ಹೇಳಿ. ನಾನಾದರೆ ಅಷ್ಟೇ ಮಾಡ್ತಿದ್ದೆ.

ಅಂತರಗಂಗೆ

ಬೇಸ್ ಬಗ್ಗೆ ಅವರು ಹೇಳಿದ್ದು ಸರಿಯಾಗಿದೆ. ಖಚಿತ ಮಾಡಿಕೊಳ್ಳಲು ಆ ಬಾರ್ ಒಂದನ್ನೇ ಬೇಸ್ ನಿಲ್ಲಿಸಿ ನುಡಿಸಿ, ಗೊರಗೊರ ಹೋದರೆ ಉತ್ತರ ಸಿಕ್ಕಿತು. ಹೋಗದಿದ್ದರೆ ನಿಮ್ಮ ಸ್ಟ್ರಿಂಗ್ಸ್ ಟೋನ್ ಹಿಂದಿನ ಕಾರ್ಡನ್ನ ಎಳೀತಿದೆಯಾ ನೋಡಿ. ಸಸ್ಟೇನ್ ಪೆಡಲ್ ಬಿಡದೆ ಹೋದರೂ ಹೀಗಾಗುತ್ತೆ.

ಹುಡುಗಿಯದ್ದು ನಿಜವಾಗಲೂ ಕಷ್ಟದ ಜಾಗ. ಅವಳದ್ದೇನೂ ತಪ್ಪಿಲ್ಲ. ಎಯ ಗ ಅಂದರೆ ಸಿ ಶಾರ್ಪ್. ಅದೇ ಸಿ ಶಾರ್ಪ್ ಡಿಯಲ್ಲಿ ನಿ. ನಿ ಕೇಳಿದ ಕಿವಿಗೆ ಮುಂದಿನದು ಸ ಅಂತ ಅನ್ನಿಸಿಯೇ ಅನ್ನಿಸುತ್ತೆ. ಅವಳು ಸ್ವರ ಸರಿ ಹಿಡಿದಿದ್ದಾಳೆ, ಆದರೆ ಅದನ್ನ ಹಳೆಯ ಮನೆಯ ನಿ ಅಂತ ಹಿಡಿದಿದ್ದಾಳೆ. ಅದಕ್ಕೇ ಡಿಗೆ ಎಳೀತಾಳೆ. ಚರಣ ಸದಿಂದಲೋ ಪದಿಂದಲೋ ಶುರುವಾಗಿದ್ದರೆ ಈ ಗೋಳು ಇಷ್ಟಿರ್ತಿರಲಿಲ್ಲ.

ಎ ಕಾರ್ಡ್ ಬಂದ ಮೇಲೆ ಅವಳನ್ನ ತಕ್ಷಣ ಹಾಡಿಸಬೇಡಿ. ಒಂದು ಬಾರ್ ಹೆಚ್ಚು ಕೊಡಿ. ಅದರಲ್ಲಿ ಕೊಳಲಿನಲ್ಲೋ ಕೀಬೋರ್ಡಲ್ಲೋ ಪ, ಮ, ಗ ಅಂತ ಮೂರು ಸ್ವರ ಇಳಿದು ಅವಳ ಗದ ಮೇಲೆ ನಿಲ್ಲಿ. ಹೊಸ ಕೀಯಲ್ಲಿ ಅದು ಇ, ಡಿ, ಸಿ ಶಾರ್ಪ್. ಡಿ ಬಂದು ಅದರಿಂದ ಕೆಳಗೆ ಇಳಿಯುವುದನ್ನ ಅವಳು ಕೇಳಿದರೆ ಡಿ ಇನ್ನು ಸ ಅಲ್ಲ, ಮ ಅಂತ ಕಿವಿ ಒಪ್ಪಿಕೊಳ್ಳುತ್ತದೆ. ಹಿಂದಿನ ಇ ಸೆವೆನ್ ಬಾರ್‌ನಲ್ಲೂ ಟ್ಯೂನ್‌ನಲ್ಲೇ ಜಿ ಶಾರ್ಪ್ ಬರೋ ಹಾಗೆ ಮಾಡಿ, ಕಾರ್ಡ್ ಒಳಗೆ ಬಚ್ಚಿಟ್ಟರೆ ಸಾಲದು. ಪೆಂಡಾಲಿನ ಮಾನಿಟರ್‌ನಲ್ಲಿ ಒಳಗಿನ ಸ್ವರ ಯಾರಿಗೆ ಕೇಳಿಸುತ್ತೆ?

ಗುಬ್ಬಿ ಪೆಟ್ಟಿಗೆ ಮೇಷ್ಟ್ರು

ಇದೇ ನಾನು ಮಾಡೋದು. ಹೊಸ ಸ ಒತ್ತಿ ಹಿಡಿಯೋದು. ಒಂದು ಬಾರ್ ಹೆಚ್ಚು ಅಂತ ನೀವು ಹೇಳ್ತೀರಿ, ನಾನು 'ಪಾತ್ರಧಾರಿ ಮೀಸೆ ತಿರುವೋ ತನಕ' ಅಂತೀನಿ, ಅಷ್ಟೇ.

ಅಂತರಗಂಗೆ

ಮೇಷ್ಟ್ರೇ, ಸುಳ್ಳಲ್ಲ. ನಿಮ್ಮ ಪದ್ಧತಿಯಲ್ಲಿ ಒಂದರಿಂದ ಎರಡೂವರೆ ಮನೆಗೆ, ಎರಡೂವರೆಯಿಂದ ಐದೂವರೆಗೆ ಹೋದರೂ ಯಾರಿಗೂ ಕಷ್ಟವಾಗಲ್ಲ. ನಡುವೆ ಮಾತಿದೆ, ಜಗಳವಿದೆ, ಚಪ್ಪಾಳೆ ಇದೆ, ಅಷ್ಟರಲ್ಲಿ ಕಿವಿ ಹಳೇ ಸವನ್ನ ಮರೆತಿರುತ್ತೆ. ಮರೆಯೋಕೆ ಟೈಮ್ ಇದ್ದಲ್ಲಿ ಸರ್ಕಲ್‌ಗೆ ಕೆಲಸವಿಲ್ಲ.

ಶಿರಾ ತಬಲ

ಎಲ್ಲರೂ ಕಾರ್ಡ್ ಬಗ್ಗೆ ಮಾತಾಡ್ತಿದ್ದೀರಿ. ತಬಲದವನ ಕಥೆ ಏನು? ಡಿಗೆ ಕೂರಿಸಿದ ತಬಲ ಡಿಯಲ್ಲೇ ಮೊಳಗುತ್ತೆ. ನೀವು ಎಗೆ ಹೋದ್ರೆ ನನ್ನ ತಬಲ ಅಲ್ಲಿ ಮ ಆಗುತ್ತೆ. ಇ ಕಾರ್ಡ್ ಬಂದಾಗಲೂ, ಎ ಕಾರ್ಡ್ ಬಂದಾಗಲೂ ಅದು ಮ ಮ ಅಂತ ಬಾರಿಸ್ತಾ ಇರುತ್ತೆ.

ಅಂತರಗಂಗೆ

ತಬಲವನ್ನ ಎಗೆ ಕೂರಿಸಿ. ಡಿಯಲ್ಲಿ ಎ ಅಂದರೆ ಪ, ಚರಣದಲ್ಲಿ ಅದೇ ಸ. ಎರಡು ಕಡೆಯೂ ಒಪ್ಪುತ್ತೆ. ಆ ಹುಡುಗಿ ಕೇಳಿದ ಆರೂವರೆಗೆ ಹೋಗಿದ್ದರೆ ಈ ಸೌಕರ್ಯ ಇರ್ತಿರಲಿಲ್ಲ. ಬಿ ಫ್ಲ್ಯಾಟ್ ಡಿ ಸ್ಕೇಲ್‌ನಲ್ಲೇ ಇಲ್ಲ.

ಶಿರಾ ತಬಲ

ಹೇಳೋದು ಸುಲಭ. ಡಿಗೆ ಕೂರೋದು ಸಣ್ಣ ಮುಖದ ತಬಲ. ಅದನ್ನ ಸಡಿಲ ಬಿಟ್ಟು ಎಗೆ ಇಳಿಸಿದ್ರೆ ನಾದ ಸತ್ತು ಹೋಗುತ್ತೆ. ಎಗೆ ದೊಡ್ಡ ಮುಖದ್ದು ಬೇಕು. ನನ್ನ ಹತ್ರ ಇದೆ, ಆದರೆ ದೊಡ್ಡದರಲ್ಲಿ ಪಲ್ಲವಿಯ ವೇಗದ ಬೋಲುಗಳು ಅಷ್ಟು ಚುರುಕಾಗಿ ಬರಲ್ಲ. ಎರಡೂ ಪಕ್ಕದಲ್ಲಿಟ್ಟುಕೊಂಡು ಪಲ್ಲವಿಗೆ ಸಣ್ಣದು, ಚರಣಕ್ಕೆ ದೊಡ್ಡದು ಅಂತ ನುಡಿಸ್ತೀನಿ. ಬದಲಾಯಿಸೋಕೆ ನನಗೆ ಆ ಹೆಚ್ಚಿನ ಬಾರ್ ಬೇಕೇ ಬೇಕು.

ಕೆಜಿಎಫ್ ಬೇಸ್

ಅಂತರಗಂಗೆ ಸರ್, ನನ್ನ ರೂಲು ಸರಿ ಇಲ್ಲ ಅಂದ್ರಲ್ಲ, ಅದನ್ನ ಹೇಳಲೇ ಇಲ್ಲ.

ಅಂತರಗಂಗೆ

ದೂರದ್ದು ಯಾವತ್ತೂ ಹಿಡಿಸಲ್ಲ ಅಂದಿರಿ. ನಿಮ್ಮ ಚರ್ಚ್‌ನಲ್ಲಿ ಕೊನೆಯ ಚರಣವನ್ನ ಅರ್ಧ ಮನೆ ಏರಿಸಿ ಹಾಡೋದಿಲ್ವಾ? ಡಿಯಿಂದ ಇ ಫ್ಲ್ಯಾಟ್‌ಗೆ. ಸರ್ಕಲ್‌ನಲ್ಲಿ ಅದು ಐದು ಹೆಜ್ಜೆ. ಬಿ ಫ್ಲ್ಯಾಟ್ ಸೆವೆನ್ ಒಂದು ಏಟು ಕೊಟ್ಟು ಎಲ್ಲರೂ ಎದ್ದು ನಿಂತು ಹಾಡ್ತಾರೆ. ಅಷ್ಟು ದೂರ ಹೋಗಿದ್ದರಿಂದಲೇ ಆ ಏಟು ಬೀಳೋದು. ಜೊತೆಗೆ ಹಾಡೋರಿಗೆ ಅರ್ಧ ಮನೆ ಮಾತ್ರ ಎತ್ತರ ಆಗೋದು, ಗಂಟಲಿಗೆ ಭಾರವಿಲ್ಲ. ಅವರನ್ನ ಪಕ್ಕದ ಕೀ ಅಂತ ಡಿಯಿಂದ ಎಗೆ ಒಯ್ದರೆ ಅರ್ಧ ಜನಕ್ಕೆ ಗಂಟಲು ಮುಟ್ಟುವುದೇ ಇಲ್ಲ.

ಹಾಗಾಗಿ ಒಬ್ಬರೇ ಹಾಡುವಾಗ ಪಕ್ಕದ ಕೀ ಸಾಮಾನ್ಯವಾಗಿ ಕೆಲಸಕ್ಕೆ ಬಾರದು, ಐದು ಸ್ವರ ಮೇಲೆ ಹಾರಬೇಕಾಗುತ್ತೆ. ದನಿ ಬದಲಾಗುವಾಗ ಅದು ಚಿನ್ನ.

ಬಿ ಫ್ಲ್ಯಾಟ್‌ಗೂ ಹೋಗಬಹುದು, ಚಿಂತಾಮಣಿಯವರು ಖುಷಿಪಡಲಿ. ಡಿ, ಡಿ ಮೈನರ್, ಎಫ್ ಸೆವೆನ್, ಬಿ ಫ್ಲ್ಯಾಟ್ ಅಂತ ದಾರಿ ಇದೆ. ಉದ್ದಕ್ಕೂ ಮೇಲೆ ಡಿ ಸ್ವರವನ್ನ ಹಿಡಿದೇ ಇರಿ, ಅದು ಎರಡೂ ಸ್ಕೇಲ್‌ಗೆ ಸೇರಿದ್ದು. ಎಫ್ ಸೆವೆನ್ ಮೇಲೆ ಅದು ಸ್ವಲ್ಪ ಚುಚ್ಚಿದರೂ ಬಿ ಫ್ಲ್ಯಾಟ್ ಬಂದಾಗ ಸರಿಹೋಗುತ್ತೆ. ಚೆನ್ನಾಗೇ ಇರುತ್ತೆ. ಆದರೆ ಅದು ಕಣ್ಣಿಗೆ ಕಾಣೋ ಹಾಗೆ ಬಾಗಿಲು ತೆಗೆದು ಹೋಗೋದು. ವಾಪಸ್ ಬರೋಕೂ ಅಷ್ಟೇ ಕೆಲಸ.

ಕೆಜಿಎಫ್ ಬೇಸ್

ಅದು ಸರಿ. ಆದರೆ ಈಗ ನೀವೇ ಡಿಯಿಂದ ಡಿ ಮೈನರ್‌ಗೆ ಹೋದ್ರಿ. ಅದು ಯಾರಿಗೂ ದೂರ ಅನ್ನಿಸಲ್ಲ. ಸರ್ಕಲ್ ಪ್ರಕಾರ ಡಿ ಮೈನರ್ ಇರೋದು ಎಫ್ ಜೊತೆಗೆ, ಮೂರು ಹೆಜ್ಜೆ. ಬಿ ಮೈನರ್ ಡಿಯ ಜೊತೆಗೇ ಇದೆ, ಏಳೂ ಸ್ವರ ಒಂದೇ. ನನ್ನ ಕಿವಿಗೆ ಡಿ ಮೈನರೇ ಹತ್ತಿರ. ಸರ್ಕಲ್ ಇಲ್ಲಿ ತಪ್ಪು ಹೇಳ್ತಿದೆ.

ಮಧುಗಿರಿ ವೀಣೆ

ನನಗೂ ಹಾಗೇ ಅನ್ನಿಸುತ್ತದೆ. ನಮಗೆ ಸ ಒಂದೇ ಇದ್ದರೆ ಶಂಕರಾಭರಣದಿಂದ ನಠಭೈರವಿಗೆ ಹೋದರೂ ಮನೆ ಬಿಟ್ಟು ಹೋದ ಹಾಗೆ ಆಗುವುದಿಲ್ಲ. ತಂಬೂರಿ ಅಲ್ಲೇ ಇರುತ್ತದೆ.

ಅಂತರಗಂಗೆ

ಸರ್ಕಲ್ ಸ್ವರಗಳನ್ನ ಮಾತ್ರ ಎಣಿಸುತ್ತೆ, ಸ ಎಲ್ಲಿದೆ ಅನ್ನೋದನ್ನ ಎಣಿಸಲ್ಲ. ಬಿ ಮೈನರ್‌ಗೆ ಹೋದಾಗ ಸ್ವರ ಎಲ್ಲ ಉಳಿದು ಸ ಜರುಗುತ್ತೆ. ಡಿ ಮೈನರ್‌ಗೆ ಹೋದಾಗ ಸ ಉಳಿದು ಮೂರು ಸ್ವರ ಜರುಗುತ್ತವೆ. ಯಾವುದು ಹತ್ತಿರ ಅಂತ ಕೇಳಿದರೆ, ಪಿಯಾನೋ ಕಲಿತವರು ಒಂದು ಹೇಳ್ತಾರೆ, ತಂಬೂರಿ ಜೊತೆ ಬೆಳೆದವರು ಇನ್ನೊಂದು ಹೇಳ್ತಾರೆ. ನಾನು ಬಿ ಮೈನರ್ ಕಡೆ. ತಾಳ ನಡೀತಾ ಇರುವಾಗ ಕೇಳುವವರಿಗೆ ಗೊತ್ತಾಗದ ಹಾಗೆ ಜಾರೋಕೆ ಅದೇ ವಾಸಿ.

ಕೆಜಿಎಫ್ ಬೇಸ್

ಗೊತ್ತಾಗದ ಹಾಗೆ ಜಾರೋದೇ ಮುಖ್ಯ ಅಂತ ಯಾರು ಹೇಳಿದ್ದು? ನನಗೆ ಒಪ್ಪಿಗೆ ಇಲ್ಲ, ಸರ್.

ತುಮಕೂರು ಕೀಸ್

ಬೇಸ್ ಗೊರಗೊರ ಹೋಯ್ತು, ಅವರು ಜಿಯನ್ನೇ ನುಡಿಸ್ತಿದ್ದರು. ಹೆಚ್ಚಿನ ಬಾರ್ ಹಾಕಿ ಕೊಳಲಿನಲ್ಲಿ ಪ ಮ ಗ ಇಳಿಸಿದ ಮೇಲೆ ಹುಡುಗಿ ನೇರವಾಗಿ ಹಿಡಿದಳು. ಆರೂವರೆ ಆಸೆ ಪೂರ್ತಿ ಬಿಟ್ಟಿಲ್ಲ, ಬೇರೆ ಹಾಡಿಗೆ ಕೊಡಿ ಅಂತಿದ್ದಾಳೆ.

ಈಗ ಒಂದು ಹೊಸ ಗಲಾಟೆ. ಚರಣದ ಮೂರನೇ ಸಾಲು ಸ್ವಲ್ಪ ನೋವಿನದ್ದು. ಅಲ್ಲಿ ಎಯಿಂದ ಎ ಮೈನರ್ ಮಾಡೋಣ ಅಂತ ನಮ್ಮ ಬೇಸ್‌ನವರು, ಎಫ್ ಶಾರ್ಪ್ ಮೈನರ್ ಮಾಡೋಣ ಅಂತ ನಾನು. ನಿಮ್ಮಲ್ಲೇ ಒಪ್ಪಂದ ಇಲ್ಲ ಅಂದಮೇಲೆ ಶನಿವಾರದ ಪ್ರಾಕ್ಟೀಸ್‌ನಲ್ಲಿ ಎರಡೂ ಹಾಡಿಸಿ ರೆಕಾರ್ಡ್ ಮಾಡಿ ಇಲ್ಲೇ ಹಾಕ್ತೀನಿ.

ಶಿರಾ ತಬಲ

ಎಫ್ ಶಾರ್ಪ್ ಮೈನರ್ ಅಂದ್ರೆ ನನ್ನ ದೊಡ್ಡ ತಬಲ ಅಲ್ಲಿ ಏನಾಗುತ್ತೆ?

ಅಂತರಗಂಗೆ

ಮೈನರ್‌ನ ಗ. ಕಾರ್ಡ್ ಒಳಗಿನ ಸ್ವರವೇ. ನೀವು ಎರಡೂ ಕಡೆ ಬಚಾವ್.